ಜಹನಾರಾ ಆಪಾ ನಿಲ್ಲಿಸಿದ ಯಂತ್ರಗಳು

ಜಹನಾರಾ ಆಪಾ ಬಗ್ಗೆ ಈಗ ಮಾತಾಡುವವರೆಲ್ಲ ‘ಪಾಪ, ಒಂಟಿ ಹೆಂಗಸು, ಕಷ್ಟಪಟ್ಟು ಮೇಲೆ ಬಂದರು’ ಅಂತ ಶುರು ಮಾಡುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ಪಾಪ ಅನ್ನಿಸಿಕೊಳ್ಳುವ ಜನ್ಮವೇ ಅಲ್ಲ ಅದು. ಹಿಡಿದ ಹಟ ಬಿಟ್ಟಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಆ ಹಟ ಇಲ್ಲದಿದ್ದರೆ ಎರಡು ಸಾವಿರದ ಏಳರಲ್ಲೇ ಅವರ ಕೆಲಸಕ್ಕೂ ಹೆಸರಿಗೂ ಮಣ್ಣು ಬಿದ್ದಿರುತ್ತಿತ್ತು.

ಅವರ ಮನೆ ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಓಣಿ. ತಂದೆ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಜರಿ ಕೆಲಸ ಮಾಡುತ್ತಿದ್ದವರು. ಮಗಳು ಅದೇ ಚೌಕಟ್ಟಿನ ಮುಂದೆ ಬೆಳೆದು, ಗಂಡ ತೀರಿಕೊಂಡ ಮೇಲೆ ಅದರಲ್ಲೇ ಹೊಟ್ಟೆ ಹೊರೆದರು. ಯಂತ್ರದ ಕಸೂತಿ ಬಂದು ಕೈಕೆಲಸ ಕೇಳುವವರು ಕಡಿಮೆಯಾದಾಗ ಅಳುತ್ತಾ ಕೂರಲಿಲ್ಲ. ಸೀದಾ ಹೋಗಿ ಪಂಚಿಂಗ್ ಕಲಿತರು. ಅಂದರೆ ಕಾಗದದ ಮೇಲಿನ ಬಳ್ಳಿಯನ್ನು ಕಂಪ್ಯೂಟರಿನಲ್ಲಿ ಒಂದೊಂದೇ ಹೊಲಿಗೆಯಾಗಿ ಕೂರಿಸಿ, ಯಂತ್ರಕ್ಕೆ ಅರ್ಥವಾಗುವ ಫೈಲು ಮಾಡುವ ಕೆಲಸ. ಹಳೆಯ ಕಂಪ್ಯೂಟರೊಂದನ್ನು ಬಾಗಿಲ ಪಕ್ಕದಲ್ಲೇ ಇಟ್ಟುಕೊಂಡರು. ಒಂದು ಎಲೆ ವಾರೆಯಾದರೆ ಇಡೀ ಬಳ್ಳಿಯನ್ನು ಅಳಿಸಿ ಮತ್ತೆ ಹಾಕುತ್ತಿದ್ದರು. ನೋಡುತ್ತಾ ಕೂತವರಿಗೆ ತಲೆ ಕೆಡಬೇಕು, ಹಾಗೆ.

ನಾನು ನಾಗರತ್ನಾ. ಕಲಬುರಗಿ ಕಡೆಯವಳು, ಹಲಸೂರಿನಲ್ಲಿ ಬಾಡಿಗೆ ಕೋಣೆ. ಅಲ್ಲೇ ಹತ್ತಿರದ ಮುಬೀನ್ ಸಾಬರ ಕಸೂತಿ ಶೆಡ್ಡಿನಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದೆ. ಆಪಾ ಮಾಡಿದ ಡಿಸೈನುಗಳು ಪೆನ್‌ಡ್ರೈವಿನಲ್ಲಿ ನಮ್ಮ ಶೆಡ್ಡಿಗೆ ಬರುತ್ತಿದ್ದವು. ಕೆಲವು ಸಲ ನಾನು ಹೋಗಿ ತರುತ್ತಿದ್ದೆ, ಅವಸರವಿದ್ದರೆ ಸಾಬರೇ ಹೋಗುತ್ತಿದ್ದರು. ಅವಸರ ಅವರಿಗೆ ಯಾವಾಗಲೂ ಇರುತ್ತಿತ್ತು. ಯಂತ್ರ ಒಂದು ಗಳಿಗೆ ನಿಂತರೆ ಅವರ ಉಸಿರೇ ನಿಂತ ಹಾಗೆ. ದಾರ ಬದಲಿಸಲು ನಿಲ್ಲಿಸಿದರೂ ‘ಏನಮ್ಮಾ, ರಜಾನಾ?’ ಅನ್ನುವ ಮನುಷ್ಯ.

ಆ ವರ್ಷದ ಒಂದು ಬೆಳಿಗ್ಗೆ ಸಾಬರು ತಂದ ಮದುವೆ ಲಂಗದ ಅಂಚಿನ ಡಿಸೈನನ್ನು ಯಂತ್ರಕ್ಕೆ ಹಾಕಿದೆ. ಯಂತ್ರದ ಚಿಕ್ಕ ಪರದೆ ಡಿಸೈನಿನ ಹೆಸರನ್ನು ಮಾತ್ರ ತೋರಿಸುತ್ತಿತ್ತು, ಚಿತ್ರವನ್ನಲ್ಲ. ಹೆಸರು ಸರಿಯಾಗಿತ್ತು. ಬಳ್ಳಿ ಚೆಂದಾಗಿ ಹೊರಟಿತು. ಅರ್ಧ ದಾರಿಯಲ್ಲಿ ಸೂಜಿಗಳೆಲ್ಲ ಸೊಟ್ಟಗೆ ಹೊರಳಿ ಬೇರೇನನ್ನೋ ಹೊಲಿಯತೊಡಗಿದವು. ಓಡಿ ಬಂದು ನಿಲ್ಲಿಸಿ ನೋಡಿದರೆ, ಕೆಂಪು ರೇಷ್ಮೆಯ ಮೇಲೆ ಯಾವುದೋ ಶಾಲೆಯ ಬ್ಯಾಡ್ಜಿನ ಅರ್ಧ ದೀಪ ಮತ್ತು ಎರಡು ಅಕ್ಷರ! ಹಿಂದಿನ ತಿಂಗಳು ಆಪಾ ಮಾಡಿಕೊಟ್ಟಿದ್ದ ಬ್ಯಾಡ್ಜು. ಪೆನ್‌ಡ್ರೈವಿನಿಂದ ಅದನ್ನು ಅಳಿಸಿ ಎಷ್ಟೋ ದಿನವಾಗಿತ್ತು.

ಸಾಬರು ಶೆಡ್ಡಿನ ನಡುವೆ ನಿಂತು ಎಲ್ಲರಿಗೂ ಕೇಳುವ ಹಾಗೆ ಕೂಗಿದರು. “ಆಪಾಗೆ ವಯಸ್ಸಾಯ್ತು ಕಣ್ರೋ! ಮದುವೆ ಬಟ್ಟೆಗೆ ಸ್ಕೂಲ್ ಬ್ಯಾಡ್ಜ್ ಅಂಟಿಸಿದ್ದಾರೆ!”

ಹುಡುಗಿಯರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಸಂಜೆ ಆಪಾ ಮನೆಗೆ ಹೋಗಿ ನಡೆದದ್ದೆಲ್ಲ ಹೇಳಿದೆ. ಅವರ ಕಂಪ್ಯೂಟರಿನಲ್ಲಿ ಆ ಬಳ್ಳಿ ಒಂದು ಎಲೆಯೂ ಕದಲದೆ ಕೂತಿತ್ತು.

ಎಲ್ಲರೂ ವೈರಸ್ ಅಂದರು. ಆಗೆಲ್ಲ ಏನೇ ಕೆಟ್ಟರೂ ವೈರಸ್. ಫ್ರೇಜರ್ ಟೌನಿನಿಂದ ಕಂಪ್ಯೂಟರ್ ರಿಪೇರಿಯ ಅಸ್ಗರ್ ಬಂದು ಹುಡುಕಿದ, ಏನೂ ಸಿಗಲಿಲ್ಲ. “ಪೆನ್‌ಡ್ರೈವೇ ಹೋಗಿರ್ಬೇಕು ಆಪಾ, ಹೊಸದು ತಗೊಳ್ಳಿ” ಅಂದ. ತಂದರು. ಹೊಸದರಲ್ಲಿ ಎಲ್ಲ ಸರಿಯಾಗಿಯೇ ನಡೆಯಿತು, ನಾವೂ ಮರೆತೆವು. ಕೆಲವು ವಾರ ಕಳೆದು, ಸಾಬರೇ ತಂದ ಇನ್ನೊಂದು ಡಿಸೈನು ಅದೇ ರೀತಿ ನಡುವೆ ಹಾದಿ ತಪ್ಪಿತು. ಮತ್ತೊಂದು ಸಲ ಫೈಲಿನ ಹೆಸರೇ ಇರಲಿಲ್ಲ.

ಈ ಸಲ ಸಾಬರು ನನ್ನನ್ನೂ ಕರೆದುಕೊಂಡು ಆಪಾ ಬಾಗಿಲಿಗೆ ಹೋದರು. ಅವರಿಬ್ಬರ ಮನೆಮಾತು ದಖನಿ ಉರ್ದು. ನಾನು ಎದುರಿಗಿದ್ದರೆ ಮರ್ಯಾದೆಗೆ ಜಗಳವನ್ನೂ ಕನ್ನಡದಲ್ಲೇ ಆಡುತ್ತಿದ್ದರು.

“ನಾಗರತ್ನಾ ತಂದ್ರೆ ಸರಿಯಾಗಿರುತ್ತೆ. ನಾನು ತಂದ್ರೆ ಮಾತ್ರ ಕೆಡುತ್ತೆ. ಯಾಕೆ ಆಪಾ? ನಾನೇನು ಮಾಡಿದ್ದೀನಿ ನಿಮಗೆ?”

“ನಾನು ಬೇಕಂತ ಕೆಡಿಸ್ತೀನಿ ಅಂತೀರಾ ಮುಬೀನ್ ಭಾಯಿ?”

“ನಾನೇನೂ ಅನ್ನಲ್ಲ. ನನ್ನ ತಂಗಿ ಅಂಬ್ರೀನ್ ಮದುವೆ ದುಪಟ್ಟಾ ಇದೆ. ಶುಕ್ರವಾರ ಬಂದು ತಗೊಳ್ತೀನಿ. ಅದೂ ಕೆಟ್ರೆ, ಸೂರತ್ತಿಂದ ರೆಡಿ ಡಿಸೈನ್ ಸೀಡಿ ತರಿಸ್ಕೋತೀನಿ. ನಿಮ್ಮ ಸಹವಾಸ ಸಾಕು.”

ಅವರು ಹೋದ ಮೇಲೂ ನಾನು ಅಲ್ಲೇ ಉಳಿದೆ. ಆಪಾ ಅಳುತ್ತಾರೆ ಎಂದುಕೊಂಡು ಸಮಾಧಾನದ ಮಾತು ಹುಡುಕುತ್ತಿದ್ದೆ. ಅವರು ನನ್ನ ಕಡೆ ತಿರುಗಿ, “ಅವರು ಹೇಳಿದ್ದು ನಿಜ ಅಲ್ವಾ? ನೀನು ತಗೊಂಡು ಹೋಗಿದ್ದು ಒಂದೂ ಕೆಟ್ಟಿಲ್ಲ” ಅಂದರು.

“ಇಲ್ಲ ಆಪಾ.”

“ನೀನು ಬಂದಾಗ ಏನ್ ಮಾಡ್ತೀಯ?”

“ಏನ್ ಮಾಡ್ತೀನಿ? ಚಹಾ ಕುಡೀತೀನಿ.”

ನಾನು ಏನೋ ತಮಾಷೆಗೆ ಹೇಳಿದ್ದು. ಅವರ ಮುಖ ನೋಡಿದರೆ ತಮಾಷೆ ಕಾಣಲಿಲ್ಲ. ನಾನು ಬಂದರೆ ಫೈಲು ಪೆನ್‌ಡ್ರೈವಿಗೆ ಹಾಕಿ, ಅದನ್ನು ಕಂಪ್ಯೂಟರಿನಲ್ಲೇ ಬಿಟ್ಟು ಚಹಾಕ್ಕೆ ನೀರಿಡುತ್ತಿದ್ದರು. ಕುಡಿದು, ಊರ ಮಾತೆಲ್ಲ ಆಡಿ, ಹೊರಡುವಾಗ ಕಿತ್ತುಕೊಡುತ್ತಿದ್ದರು. ಸಾಬರು ಹಾಗಲ್ಲ. ಓಣಿಯಲ್ಲಿ ಸ್ಕೂಟರ್ ಗುರ್ ಅನ್ನುತ್ತಲೇ ಇರಬೇಕು. ಕಾಪಿಯಾಗುವುದನ್ನು ತೋರಿಸುವ ಪೆಟ್ಟಿಗೆ ಪರದೆಯಿಂದ ಮಾಯವಾಯಿತೋ ಇಲ್ಲವೋ, ಬಾಗಿಲಿಂದಲೇ ಬಗ್ಗಿ ಪೆನ್‌ಡ್ರೈವ್ ಕಿತ್ತುಕೊಂಡು ನಡೆದುಬಿಡುತ್ತಿದ್ದರು. ಕರೆಂಟು ಉಳಿಸಲು ಆಪಾ ಅದೇ ಗಳಿಗೆಯಲ್ಲಿ ಪರದೆ ಆರಿಸುತ್ತಿದ್ದರು.

“ಇವತ್ತು ಆರಿಸಲ್ಲ” ಎಂದು ಆಪಾ ಕೂತರು. ಒಂದು ಡಿಸೈನು ಕಾಪಿ ಮಾಡಿ, ಪೆಟ್ಟಿಗೆ ಹೋದ ಕೂಡಲೇ ಸಾಬರ ಹಾಗೆಯೇ ಫಟ್ ಎಂದು ಕಿತ್ತರು. ಪರದೆಯ ಕೆಳಮೂಲೆಯಲ್ಲಿ ಹಳದಿ ಗುಳ್ಳೆಯೊಂದು ಎದ್ದಿತು. ಅದರ ಇಂಗ್ಲಿಷನ್ನು ಆಪಾ ಬೆರಳಿಟ್ಟು ಓದಿದರು. ಫೈಲನ್ನು ಪೂರ್ತಿ ಉಳಿಸಲಾಗಲಿಲ್ಲ, ಮಾಹಿತಿ ಕಳೆದುಹೋಗಿದೆ ಎಂಬ ಅರ್ಥದ ಮಾತು. ಇಷ್ಟು ದಿನ ಆ ಗುಳ್ಳೆ ಆರಿದ ಪರದೆಯ ಹಿಂದೆ ಎದ್ದು ಮಲಗಿತ್ತು!

ಅಸ್ಗರ್‌ನನ್ನು ಕರೆಸಿದರು. ಅವನು ಕೇಳಿದ ಮೊದಲ ಪ್ರಶ್ನೆಗೇ ಆಪಾ ತಲೆ ಹಿಡಿದುಕೊಂಡರು. “ಹೊಸ ಪೆನ್‌ಡ್ರೈವಿಗೂ ಪರ್ಫಾರ್ಮೆನ್ಸ್ ಹಾಕಿದ್ರಾ ಆಪಾ?”

ಹಾಕಿದ್ದರು. ವಿಷಯ ಇಷ್ಟು. ಆಪಾ ತಮ್ಮ ಸಾವಿರಾರು ಡಿಸೈನುಗಳ ನಕಲನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಚಿಕ್ಕ ಚಿಕ್ಕ ಫೈಲುಗಳು ಅಷ್ಟೊಂದಿದ್ದರೆ ಕಾಪಿ ಮುಗಿಯುವುದೇ ಇಲ್ಲ. ಬೇಸತ್ತಾಗ ಅಸ್ಗರ್ ಒಂದು ಉಪಾಯ ತೋರಿಸಿದ್ದ. ಪೆನ್‌ಡ್ರೈವಿನ ಸೆಟ್ಟಿಂಗಿನಲ್ಲಿ ಎರಡು ಆಯ್ಕೆಗಳಿರುತ್ತವೆ. ಮೊದಲೇ ಇರುವುದು ‘ಕ್ವಿಕ್ ರಿಮೂವಲ್’, ಬೇಗ ಕೀಳುವವರಿಗೆ. ಅದನ್ನು ಬಿಟ್ಟು ‘ಪರ್ಫಾರ್ಮೆನ್ಸ್’ ಆರಿಸಿದರೆ ಕೆಲಸ ಬೇಗ ಮುಗಿದಂತೆ ಕಾಣುತ್ತದೆ. ಕಾಣುತ್ತದೆ ಅಷ್ಟೇ. ಕಂಪ್ಯೂಟರು ಫೈಲನ್ನು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡು ‘ಆಯ್ತು’ ಎಂದುಬಿಡುತ್ತದೆ, ಪೆನ್‌ಡ್ರೈವಿಗೆ ಆಮೇಲೆ ಬರೆಯುತ್ತದೆ. ಅಷ್ಟರೊಳಗೆ ಕಿತ್ತರೆ ಫೈಲಿನ ಹೆಸರು ಮಾತ್ರ ಪೆನ್‌ಡ್ರೈವಿಗೆ ಹೋಗಿ, ಹೊಲಿಗೆ ಕಂಪ್ಯೂಟರಿನಲ್ಲೇ ಉಳಿಯಬಹುದು. ಪೆನ್‌ಡ್ರೈವಿನ ಆ ಜಾಗದಲ್ಲಿ ಹಿಂದೆ ಅಳಿಸಿದ ಡಿಸೈನು ನಿಜವಾಗಿ ಹೋಗಿರುವುದಿಲ್ಲ, ಜಾಗ ಖಾಲಿ ಎಂದು ಗುರುತಾಗಿರುತ್ತದೆ ಅಷ್ಟೇ. ಹೊಸ ಹೊಲಿಗೆ ಬಂದು ಬೀಳದಿದ್ದರೆ ಹಳೆಯದೇ ಹೊಸ ಹೆಸರಿನಲ್ಲಿ ಹೊರಬರುತ್ತದೆ. ಶಾಲೆಯ ಬ್ಯಾಡ್ಜು ಲಂಗದ ಅಂಚಿಗೆ ಬಂದದ್ದು ಹಾಗೆ.

ಈ ಆಯ್ಕೆಯನ್ನು ಒಂದೊಂದು ಪೆನ್‌ಡ್ರೈವಿಗೂ ಬೇರೆ ಬೇರೆಯಾಗಿ ಹೇಳಬೇಕು. ಅದಕ್ಕೇ ಹೊಸದು ಮೊದಲಿಗೆ ಸರಿಯಾಗಿತ್ತು. ಆಮೇಲೆ ಆಪಾ ಅದಕ್ಕೂ ತಾವೇ ವೇಗ ಹಾಕಿಕೊಂಡಿದ್ದರು.

“ಹಸಿರು ಬಾಣದ ಗುರುತು ಒತ್ತಿ, ತೆಗೀಬಹುದು ಅಂತ ಬಂದ್ಮೇಲೆ ಕೀಳಿ ಅಂತ ಹೇಳಿದ್ನಲ್ಲಾ” ಅಂದ ಅಸ್ಗರ್.

ಹೇಳಿದ್ದ, ನಿಜ. ಆದರೆ ಅದನ್ನು ಒತ್ತದೆಯೇ ವರ್ಷಗಟ್ಟಲೆ ಕಿತ್ತು ಏನೂ ಆಗಿರದ ಕೈಗೆ ಆ ಮಾತು ಹತ್ತುತ್ತದೆಯೇ?

ಶುಕ್ರವಾರ ನಾನು ಬೇಕೆಂದೇ ಅಲ್ಲಿದ್ದೆ. ಓಣಿಯಲ್ಲಿ ಸ್ಕೂಟರ್ ಗುರ್ ಅಂದಿತು.

“ಗಾಡಿ ಆಫ್ ಮಾಡಿ ಒಳಗೆ ಬನ್ನಿ” ಅಂದರು ಆಪಾ.

“ಟೈಮಿಲ್ಲ ಆಪಾ.”

“ತಂಗಿ ದುಪಟ್ಟಾಗೂ ಟೈಮಿಲ್ವಾ?”

ಸಾಬರು ಗೊಣಗುತ್ತಾ ಬಂದು ಕೂತರು. ಆಪಾ ದುಪಟ್ಟಾದ ಬಳ್ಳಿಯನ್ನು ಕಾಪಿ ಮಾಡಿದರು. “ದಿನಾ ಕೀಳೋ ಹಾಗೇ ಕೀಳಿ.” ಕಿತ್ತರು. ಮತ್ತೆ ಹಾಕಿ ತೆರೆದರೆ ಬಳ್ಳಿ ಪೂರ್ತಿ ಇತ್ತು. ಸಾಬರ ತುಟಿಯಲ್ಲಿ ನಗು. ಆಪಾ ಮಾತ್ರ ಅಲ್ಲಾಡಲಿಲ್ಲ. “ಎಲ್ಲಾ ಸಲಾನೂ ಕೆಡಲ್ಲ. ಅದಕ್ಕೇ ಇಷ್ಟು ದಿನ ಸಿಕ್ಕಿಲ್ಲ. ಇನ್ನೊಂದ್ಸಲ ಕೀಳಿ.” ಅಳಿಸಿ, ಕಾಪಿ ಮಾಡಿ, ಸಾಬರ ಕೈಯಲ್ಲೇ ಮತ್ತೆ ಕೀಳಿಸಿದರು. ಹಳದಿ ಗುಳ್ಳೆ ಎದ್ದಿತು. ತೆರೆದು ನೋಡಿದರೆ ಬಳ್ಳಿಯ ನಡುವೆ ಹಳೆಯ ಡಿಸೈನೊಂದರ ಚೂರು ಬಾಯಿ ತೆರೆದು ಕೂತಿತ್ತು.

ಆಮೇಲೆ ಆಪಾ ಆಯ್ಕೆಯನ್ನು ಕ್ವಿಕ್ ರಿಮೂವಲ್‌ಗೆ ತಂದರು. ಕಾಪಿ ಸ್ವಲ್ಪ ನಿಧಾನವಾಯಿತು. ಮುಗಿದ ಮೇಲೆ ಹಸಿರು ಬಾಣವನ್ನೂ ಒತ್ತಿ, ಉತ್ತರ ಬಂದ ಮೇಲೆ ಕಿತ್ತು, ಮತ್ತೆ ಹಾಕಿ ತೆರೆದರು. ಬಳ್ಳಿ ಮೊದಲ ಎಲೆಯಿಂದ ಕೊನೆಯ ಮೊಗ್ಗಿನವರೆಗೆ ಹಾಗೇ ಇತ್ತು.

“ವೇಗ ಹಾಕಿದ್ದು ನಾನು, ಅದು ನನ್ನ ತಪ್ಪು” ಅಂದರು ಆಪಾ. “ನಿಲ್ಲದೆ ಕಿತ್ತಿದ್ದು ನೀವು. ಆದ್ರೆ ಡಿಸೈನಲ್ಲಿ ತಪ್ಪಿರಲಿಲ್ಲ. ತಗೊಳ್ಳಿ ದುಪಟ್ಟಾ. ನೀವು ನನಗೆ ವಯಸ್ಸಾಯ್ತು ಅಂದಿದ್ದು ಶೆಡ್ಡಲ್ಲಿ, ಎಲ್ಲರ ಮುಂದೆ. ಇದನ್ನೂ ಅಲ್ಲೇ ಹೇಳಿ. ಹೇಳದಿದ್ರೆ ಸೂರತ್ ಸೀಡಿ ತರಿಸ್ಕೊಳ್ಳಿ, ನನ್ನ ಬಾಗಿಲಿಗೆ ಬರ್ಬೇಡಿ.”

ಇದ್ದದ್ದು ಅವರಿಗೆ ನಮ್ಮ ಶೆಡ್ಡಿನ ಕೆಲಸವೊಂದೇ. ಇಷ್ಟಕ್ಕೆ ಸುಮ್ಮನಾಗಬಾರದೇ ಎಂದು ನನಗೆ ಅನ್ನಿಸಿತು. ಸಾಬರು ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಹೊರಟುಹೋದರು.

ನಾನು ಶೆಡ್ಡಿಗೆ ಬರುವಷ್ಟರಲ್ಲಿ ಸಾಬರೇ ದುಪಟ್ಟಾವನ್ನು ಯಂತ್ರಕ್ಕೆ ಹಾಕಿ ಅದರ ಮುಂದೆ ನಿಂತಿದ್ದರು. ಬಳ್ಳಿ ಮುಗಿಯುವ ತನಕ ಕದಲಲಿಲ್ಲ. ಕೊನೆಯ ಮೊಗ್ಗು ಹೊಲಿದು ಸೂಜಿಗಳು ನಿಂತವು. ಉಳಿದ ಯಂತ್ರಗಳು ಎಂದಿನ ಹಾಗೆ ಅಬ್ಬರಿಸುತ್ತಿದ್ದವು. ಸಾಬರು ಏನೋ ಅಂದರು, ಯಾರಿಗೂ ಕೇಳಲಿಲ್ಲ. ಇಷ್ಟಕ್ಕೇ ಮುಗಿಸಿಬಿಡುತ್ತಾರೆ ಎಂದು ನನಗೆ ಸಿಟ್ಟು ಬಂತು. ಅವರು ಗೋಡೆಯ ಸ್ವಿಚ್ಚುಗಳ ಹತ್ತಿರ ಹೋಗಿ, ನಡೆಯುತ್ತಿದ್ದ ಯಂತ್ರಗಳನ್ನು ಒಂದೊಂದಾಗಿ ತಮ್ಮ ಕೈಯಾರೆ ನಿಲ್ಲಿಸಿದರು. ನಡುಹಗಲಲ್ಲಿ ಆ ಶೆಡ್ಡು ಅಷ್ಟು ಸುಮ್ಮನಾಗಿದ್ದನ್ನು ನಾವ್ಯಾರೂ ನೋಡಿರಲಿಲ್ಲ.

“ಜಹನಾರಾ ಆಪಾ ಡಿಸೈನಲ್ಲಿ ಯಾವತ್ತೂ ತಪ್ಪಿರಲಿಲ್ಲ” ಅಂದರು. “ಅವಸರ ನನ್ನದು.”

ಸಂಜೆ ಹೋಗಿ ಹೇಳಿದೆ. ಹೇಳುವಾಗ ನನಗೇ ಅಳು ಬಂತು. ಆಪಾ ಚಹಾ ಸೋಸುತ್ತಿದ್ದವರು ಕೈ ನಿಲ್ಲಿಸಿದರು.

“ಯಂತ್ರ ನಿಲ್ಲಿಸಿ ಹೇಳಿದ್ರಾ?”

“ಎಲ್ಲಾನೂ ನಿಲ್ಲಿಸಿ ಹೇಳಿದ್ರು ಆಪಾ.”

“ಹಾಗಾದ್ರೆ ಸರಿ. ನಾಳೆ ಅವರನ್ನೇ ಕಳಿಸು, ಚಹಾ ಕುಡಿಯೋಕೆ” ಎಂದು ಲೋಟ ನನ್ನ ಕೈಗಿಟ್ಟು, ಕಂಪ್ಯೂಟರಿನ ಕಡೆ ತಿರುಗಿ ಕೂತರು.