ರಜೆಯ ಅರ್ಜಿಯ ಕೊನೆಯ ಸಾಲು

ಹೆಂಡತಿಗೆ ವರ್ಗವಾದರೆ ಗಂಡನಾದವನು ಸಂಬಳವಿಲ್ಲದ ಬಿನ್‌ಪಗಾರಿ ರಜೆ ಕೇಳಬಾರದು ಎಂದು ಯಾವ ನಿಯಮದಲ್ಲೂ ಬರೆದಿಲ್ಲ. ಆದರೆ ನಾನು ಕೇಳಿದ ದಿನ ನಮ್ಮ ಸಾಲೆಯ ಸ್ಟಾಫ್‌ರೂಮು ನಕ್ಕ ರೀತಿ ನೋಡಿದ್ದರೆ, ನಾನು ರಜೆ ಕೇಳಿಲ್ಲ, ಸೀರೆ ಕೇಳಿದ್ದೇನೆ ಎಂದುಕೊಳ್ಳುತ್ತಿದ್ದಿರಿ.

ಬನಹಟ್ಟಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ನಾನು ಪಿ.ಟಿ. ಮಾಸ್ತರ. ಹದಿನಾಲ್ಕು ವರ್ಷ ಜಮಖಂಡಿಯಿಂದ ದಿನಾ ಬಸ್ಸು ಹಿಡಿದು ಹೋಗಿ, ಗಂಟೆ ಬಾರಿಸುವ ಮೊದಲೇ ಮೈದಾನದಲ್ಲಿ ನಿಂತವನು. ನನ್ನ ಹೆಂಡತಿ ಮುಧೋಳದ ಬ್ಯಾಂಕಿನಲ್ಲಿ ಕ್ಲಾರ್ಕ್. ಅವಳು ಪರೀಕ್ಷೆ ಬರೆದು ಆಫೀಸರ್ ಆದಳು. ಜೊತೆಗೇ ಆದೇಶ ಬಂತು: ಕೋಲಾರ ಜಿಲ್ಲೆಯ ಒಂದು ಶಾಖೆಗೆ ಏಳು ದಿನದೊಳಗೆ ಹಾಜರಾಗಬೇಕು. ನಮ್ಮ ಮಗಳಿಗೆ ಆಗ ಆರು ವರ್ಷ.

ಬಡ್ತಿ ಬೇಡ ಎಂದು ಬರೆದುಕೊಡುವ ದಾರಿಯೂ ಇತ್ತು. ಬಂಧುಗಳೆಲ್ಲ ಅದನ್ನೇ ಹೇಳಿದರು. ಆ ಪರೀಕ್ಷೆಗೆ ಅವಳು ಎರಡು ವರ್ಷ ರೊಟ್ಟಿ ಬಡಿಯುತ್ತಲೇ ಓದಿದ್ದನ್ನು ನೋಡಿದವನು ನಾನು, ಅವರಲ್ಲ. ಅವಳು ಹೋಗುವುದು ಖಾತ್ರಿ. ಮಗಳು ತಾಯಿಯ ಜೊತೆ ಹೋಗುವುದೂ ಖಾತ್ರಿ. ಹೊಸ ಊರಿನಲ್ಲಿ ಸಂಜೆ ಏಳರವರೆಗೆ ಬ್ಯಾಂಕಿನಲ್ಲಿರುವವಳು ಮಗುವನ್ನು ಯಾರ ಕೈಲಿ ಬಿಡಬೇಕು? ಉಳಿದವನು ನಾನೊಬ್ಬ.

"ರಾಜೀನಾಮಿ ಕೊಡ್ತೀರೇನ್ರಿ?" ಎಂದು ಅವಳು ಕೇಳಿದಳು. ಕೇಳುವಾಗ ನನ್ನ ಮುಖ ನೋಡಲಿಲ್ಲ.

"ಯಾಕ ಕೊಡ್ಲಿ? ಒಂದ ವರ್ಷ ಬಿನ್‌ಪಗಾರಿ ರಜಾ ಕೇಳ್ತೀನಿ. ಅಲ್ಲಿ ಹೆಂಗ ಆಗತೈತಿ ನೋಡೂಣು. ಹೊಂದಿತು ಅಂದ್ರ ಆಮ್ಯಾಲ ರಾಜೀನಾಮಿ. ಇಲ್ಲಂದ್ರ ನಾ ತಿರುಗಿ ಬರ್ತೀನಿ, ಬ್ಯಾರೆ ದಾರಿ ಹುಡಕೂಣು."

ಹೇಳುವಾಗ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನೌಕರಿ ಬಿಡುವುದಕ್ಕೆ ಒಂದು ನಿಮಿಷ ಸಾಕು, ಮತ್ತೆ ಹಿಡಿಯುವುದಕ್ಕೆ ಈ ವಯಸ್ಸಿನಲ್ಲಿ ಜನ್ಮ ಸಾಲದು. ಬಿಡುವ ಮೊದಲು ಒಂದು ವರ್ಷ ಯೋಚಿಸುವ ಹಕ್ಕು ನನಗಿದೆ ಎಂದು ನಂಬಿದ್ದೆ.

ನಮ್ಮ ಹೆಡ್‌ಕ್ಲಾರ್ಕರು ಮೂವತ್ತು ವರ್ಷದ ಹಳಬರು. ಅವರ ಬಳಿ ಒಂದು ಮಾದರಿ ಅರ್ಜಿಗಳ ಫೈಲು ಇದೆ. ಹೆರಿಗೆ ರಜೆಗೆ ಒಂದು, ಮಗನ ಮದುವೆಗೆ ಒಂದು, ಆಪರೇಶನ್ನಿಗೆ ಒಂದು. ನಮ್ಮ ಸಾಲೆಯಲ್ಲಿ ಯಾರೂ ಸ್ವಂತ ಅರ್ಜಿ ಬರೆಯುವುದಿಲ್ಲ. ಕಾರಣ ಹೇಳಿದರೆ ಸಾಕು, ಅವರು ಮಾದರಿ ತೆಗೆದು ಹೆಸರು ತುಂಬಿಸಿ ಟೈಪು ಮಾಡಿಸಿ ಮುಂದಿಡುತ್ತಾರೆ, ನಾವು ಸಹಿ ಹಾಕುತ್ತೇವೆ. ಇದು ಅವರು ನಮಗೆ ಮಾಡುವ ಉಪಕಾರ ಎಂದೇ ಎಲ್ಲರೂ ತಿಳಿದಿದ್ದೆವು.

"ಗಂಡಗ ವರ್ಗ ಆದಾಗಿಂದು ಒಂದ ಮಾದರಿ ಐತಿ ಮಾಸ್ತರ," ಎಂದರು ಅವರು ಕನ್ನಡಕ ಏರಿಸಿ. "ಪತಿ ಅನ್ನೂದನ್ನ ಪತ್ನಿ ಮಾಡಿದ್ರ ಮುಗೀತು. ನನ್ನ ಸರ್ವಿಸ್ನ್ಯಾಗ ಇದೊಂದು ನೋಡಿರ್ಲಿಲ್ಲ ಬಿಡ್ರಿ."

"ಈಗ ನೋಡ್ರಿ," ಎಂದೆ.

ಸ್ಟಾಫ್‌ರೂಮಿನ ನಗು ಕಿವಿಯಲ್ಲಿತ್ತು. ಅಂಥವರ ಮುಂದೆ ಎದೆ ಉಬ್ಬಿಸಿ ಹೋಗಬೇಕು ಎಂಬ ಹುರುಪಿನಲ್ಲಿ, ಟೈಪಾಗಿ ಬಂದ ಹಾಳೆಗೆ ನಿಂತಲ್ಲೇ ಸಹಿ ಜಡಿದೆ. ಒಂದು ಝೆರಾಕ್ಸ್ ಕೇಳಿ ಕಿಸೆಗೆ ಹಾಕಿಕೊಂಡೆ. ಮುಖ್ಯೋಪಾಧ್ಯಾಯರು ಶಿಫಾರಸು ಬರೆದರು. ಚೇರ್ಮನ್ನರ ಮುಂದೆ ಹೋಗಿ, ಆಡಳಿತ ಮಂಡಳಿಯ ಸಭೆಯಲ್ಲಿ ಮಂಜೂರಾಗುವುದಷ್ಟೇ ಬಾಕಿ.

ಮನೆಗೆ ಬಂದು ಝೆರಾಕ್ಸನ್ನು ಹೆಂಡತಿಯ ಕೈಗಿಟ್ಟೆ. ಅವಳು ಬ್ಯಾಂಕಿನವಳು, ಹಾಲಿನ ಪಾಕೀಟಿನ ಮೇಲಿನ ಅಕ್ಷರವನ್ನೂ ಬಿಡದೆ ಓದುವವಳು. ಓದುತ್ತ ಓದುತ್ತ ಕೆಳಗೆ ಬಂದು ನಿಂತಳು.

"ಇದನ್ನ ಓದೀರೇನು?"

"ಓದೂದೇನೈತಿ? ರಜಾ ಅರ್ಜಿ."

ಅವಳೇ ಗಟ್ಟಿಯಾಗಿ ಓದಿದಳು. "ರಜೆಯ ಅವಧಿ ಮುಗಿದ ದಿನ ನಾನು ಕರ್ತವ್ಯಕ್ಕೆ ಹಾಜರಾಗದಿದ್ದಲ್ಲಿ, ಈ ಅರ್ಜಿಯನ್ನೇ ನನ್ನ ರಾಜೀನಾಮೆ ಎಂದು ಪರಿಗಣಿಸಲು ನನ್ನ ಒಪ್ಪಿಗೆ ಇರುತ್ತದೆ."

ಹಾಳೆ ಕೆಳಗಿಟ್ಟು ಹೇಳಿದಳು: "ನೀವು ರಜಾ ಕೇಳಿಲ್ಲ. ಮುಂದಿನ ವರ್ಷದ ತಾರೀಕು ಹಾಕಿ ರಾಜೀನಾಮಿ ಕೊಟ್ಟ ಬಂದೀರಿ. ಅಲ್ಲಿ ಮಗಳಿಗೆ ಜ್ವರ ಬಂದು ಒಂದ ದಿನ ತಪ್ಪಿತು ಅಂದ್ರ ಮುಗೀತು. ರಜಾ ಇನ್ನೂ ಬೇಕಾದ್ರ ಮುಗಿಯೂ ಮೊದಲ ಮತ್ತ ಅರ್ಜಿ ಹಾಕ್ತೀವಿ. ರಾಜೀನಾಮಿ ಅನ್ನೂದು ಬ್ಯಾರೆ ಕಾಗದ. ಎರಡೂ ಒಂದರಾಗ ಹೆಂಗ ಬರತಾವ?"

ನನಗೆ ಸಿಟ್ಟು ಬಂತು. ಮೊದಲು ಹೆಡ್‌ಕ್ಲಾರ್ಕರ ಮೇಲೆ, ಆಮೇಲೆ ನನ್ನ ಮೇಲೆ. ಸಿಟ್ಟು ಇಳಿಯುವ ಹೊತ್ತಿಗೆ ಇನ್ನೊಂದು ನೆನಪಾಯಿತು.

ಎಂಟು ವರ್ಷದ ಹಿಂದೆ ನಮ್ಮಲ್ಲಿ ವಿಜ್ಞಾನ ಕಲಿಸುವ ಅಕ್ಕೋರು ಒಬ್ಬರು ಇದ್ದರು. ಗಂಡನಿಗೆ ಬೀದರಿಗೆ ವರ್ಗವಾಯಿತೆಂದು ಇದೇ ಮಾದರಿಯಲ್ಲಿ ಒಂದು ವರ್ಷದ ರಜೆ ಪಡೆದು ಹೋದರು. ತಿರುಗಿ ಬಂದಾಗ ರಜೆಯ ಅವಧಿ ಮುಗಿದು ತಡವಾಗಿತ್ತು. ಹಾಜರಿ ಪುಸ್ತಕದಲ್ಲಿ ಅವರ ಹೆಸರೇ ಇರಲಿಲ್ಲ. ನಾನು ಆಗ ಶಿಕ್ಷಕರ ಪ್ರತಿನಿಧಿ. ಚೇರ್ಮನ್ನರು ನನ್ನನ್ನೂ ಕರೆಸಿ, ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರು. ಅಕ್ಕೋರು ಅಲ್ಲೇ ಬಾಗಿಲ ಬಳಿ ನಿಂತಿದ್ದರು. "ಅವರ ಸಹಿ ಐತಲ್ರಿ," ಎಂದಿದ್ದೆ ನಾನು. ಅಷ್ಟೇ. ಆ ಮಾತಿನ ಮೇಲೆ ಎಲ್ಲರೂ ಚಹಾ ಕುಡಿದು ಎದ್ದೆವು.

ಮರುದಿನ ಬೆಳಿಗ್ಗೆ ಚೇರ್ಮನ್ನರ ಮನೆಗೇ ಹೋದೆ. ಅವರು ರಬಕವಿಯಲ್ಲಿ ಸೀರೆ ವ್ಯಾಪಾರ ಮಾಡುವವರು, ಮಾತಿಗೆ ಸಿಹಿ, ಮನಸ್ಸಿನಲ್ಲಿ ಲೆಕ್ಕ. ಅರ್ಜಿ ಬದಲಿಸಬೇಕು, ಕೊನೆಯ ಸಾಲು ಇರಬಾರದು, ಓದದೆ ಸಹಿ ಮಾಡಿದ್ದು ನನ್ನ ತಪ್ಪು ಎಂದು ನೇರವಾಗಿ ಹೇಳಿದೆ. ರಜೆಯಲ್ಲಿರುವಾಗ ಬೇರೆ ಎಲ್ಲೂ ನೌಕರಿ ಮಾಡುವುದಿಲ್ಲ, ಆ ವರ್ಷದ ಇನ್‌ಕ್ರಿಮೆಂಟು ಕೇಳುವುದಿಲ್ಲ, ಆಟದ ಸಾಮಾನಿನ ಚಾರ್ಜು ಬರೆದು ಒಪ್ಪಿಸಿಯೇ ಹೋಗುತ್ತೇನೆ, ಬರುವುದೋ ಬಿಡುವುದೋ ರಜೆ ಮುಗಿಯುವ ಮೊದಲೇ ತಿಳಿಸುತ್ತೇನೆ ಎಂದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ.

ಜಗಳವೇ ಆಗಲಿಲ್ಲ. ಅವರು ನಕ್ಕುಬಿಟ್ಟರು.

"ಗಡಿಬಿಡಿಯೊಳಗ ಮಾಡೀರಿ, ಇರ್ಲಿ ಬಿಡ್ರಿ. ಹೊಸಾದು ಬರದ ಕೊಡ್ರಿ. ಆ ಸಾಲು ಹೆಣ್ಣಮಕ್ಕಳ ಸಲುವಾಗಿ ಹಾಕಿದ್ದು. ಗಂಡನ ಹಿಂದ ಹೋದವರು ಎಲ್ಲಿ ತಿರುಗಿ ಬರ್ತಾರ? ಜಾಗಾ ಹಿಡದ ಕೂಡ್ತಾರ. ನೀವು ಗಂಡಸರು, ನಿಮ್ಮದು ಬ್ಯಾರೆ."

ಅದೇ ವಾರದ ಸಭೆಯಲ್ಲಿ ರಜೆ ಮಂಜೂರಾಯಿತು. ಕೇಳಿದಂತೆ ಒಂದು ವರ್ಷಕ್ಕೆ, ಬಿನ್‌ಪಗಾರಿ, ಸೇವೆಗೆ ಭಂಗವಿಲ್ಲ ಎಂದು ಠರಾವಿನಲ್ಲೇ ಬರೆದರು. ನನ್ನ ಜಾಗಕ್ಕೆ ತಾತ್ಕಾಲಿಕವಾಗಿ ಒಬ್ಬ ಹುರುಪಿನ ಮಾಸ್ತರನೂ ಸಿಕ್ಕ. ಆದೇಶದ ಪ್ರತಿ ಹಿಡಿದು ಮನೆಗೆ ಬಂದಾಗ ನಾನು ಕಪ್ ಗೆದ್ದ ತಂಡದ ಕ್ಯಾಪ್ಟನ್ನಿನ ಹಾಗೇ ಇದ್ದೆ. ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದೆ, ಅಕ್ಕೋರ ವಿಷಯವನ್ನೂ. ಅವಳು ಸೂಟ್‌ಕೇಸಿಗೆ ಬಟ್ಟೆ ಮಡಚಿಡುತ್ತಿದ್ದಳು.

"ಅವರಿಗೆ ಒಂದ ಫೋನ್ ಮಾಡ್ರಿ," ಎಂದಳು.

"ಮಾಡಿ ಏನ್ ಹೇಳ್ಲಿ?"

"ಅದು ನನಗೇನ್ ಗೊತ್ತು? ಅಂದವರು ನೀವು."

ನಂಬರು ಹುಡುಕುವುದು ಕಷ್ಟವಾಗಲಿಲ್ಲ. ಅಕ್ಕೋರು ಈಗ ಬೀಳಗಿಯಲ್ಲಿ ಮನೆಪಾಠ ಹೇಳುತ್ತಾರಂತೆ. ನನ್ನ ದನಿ ಗುರುತು ಹಿಡಿದರು, ಮನೆಯವರೆಲ್ಲ ಆರಾಮೇ ಎಂದು ಕೇಳಿದರು. ನಾನು ಅಡ್ಡಾದಿಡ್ಡಿಯಾಗಿ ಎಲ್ಲವನ್ನೂ ಹೇಳಿದೆ.

"ಛಲೋ ಆತು ಸರ್, ನಿಮ್ಮ ನೌಕರಿ ಉಳೀತು," ಎಂದರು. ಆಮೇಲೆ, "ನೀವು ಓದದ ಸಹಿ ಮಾಡಿದ್ರ ಗಡಿಬಿಡಿ ಅಂದ್ರು. ನಾನೂ ಓದದನ ಮಾಡಿದ್ದೆ. ಅವತ್ತ ನಾ ಬಾಗಲ್ದಾಗ ನಿಂತು ನಿಮ್ಮ ಮುಖಾನ ನೋಡಾಕತ್ತಿದ್ದೆ, ನೀವೇನರ ಅಂತೀರಿ ಅಂತ."

"ಅಂದ್ನೆಲ್ರಿ," ಎಂದೆ. "ತಪ್ಪಾತ್ರಿ ಅಕ್ಕೋರ."

ಹೊರಡುವ ಹಿಂದಿನ ದಿನ ಚಾರ್ಜು ಒಪ್ಪಿಸಲು ಸಾಲೆಗೆ ಹೋದೆ. ವಾಲಿಬಾಲು, ನೆಟ್ಟು, ಸೀಟಿ ಎಲ್ಲ ಬರೆದು ಹೊಸ ಮಾಸ್ತರನ ಸಹಿ ಪಡೆದೆ. ಅವನು ಒಂದೊಂದು ಸಾಲನ್ನೂ ಓದಿ ಸಹಿ ಮಾಡುವವರೆಗೆ ನಾನು ಬಿಡಲಿಲ್ಲ. ಚೇರ್ಮನ್ನರೂ ಅಂದು ಆಫೀಸಿನಲ್ಲಿದ್ದರು. ಹೆಡ್‌ಕ್ಲಾರ್ಕರ ಫೈಲಿನಿಂದ ಆ ಮಾದರಿಯನ್ನು ತೆಗೆದು ಅವರ ಮುಂದಿಟ್ಟೆ.

"ಇದರಾಗಿನ ಕೊನೀ ಸಾಲು ಹೊಡದ ಹಾಕ್ರಿ. ಎಲ್ಲಾರ ಸಲುವಾಗಿ."

"ಹೋಗೂ ಮುಂದ ಇದೆಲ್ಲಾ ಯಾಕ ಮಾಸ್ತರ? ನಿಮ್ಮ ಕೆಲಸ ಆಗೇತೆಲ್ಲ."

"ಹಂಗಾರ ನನ್ನ ಅರ್ಜಿಗೂ ಆ ಸಾಲು ಹಾಕ್ರಿ. ಸಹಿ ಮಾಡ್ತೀನಿ. ಈ ಸಲ ಓದಿ ಮಾಡ್ತೀನಿ."

ಮಾತು ಬಾಯಿಂದ ಬಿದ್ದೇಬಿಟ್ಟಿತ್ತು. ಅವರು ಹೂಂ ಎಂದಿದ್ದರೆ ನಾನು ಸಹಿ ಹಾಕಲೇಬೇಕಿತ್ತು, ಹಾಕುತ್ತಲೂ ಇದ್ದೆ. ಹೆಡ್‌ಕ್ಲಾರ್ಕರು ಕನ್ನಡಕ ತೆಗೆದು ಒರೆಸತೊಡಗಿದರು. ಚೇರ್ಮನ್ನರು ನನ್ನನ್ನೂ ಹಾಳೆಯನ್ನೂ ಎರಡು ಸಲ ನೋಡಿದರು.

"ಹಟಮಾರಿ ಅದೀರಿ ನೀವು," ಎಂದು ಪೆನ್ನು ತೆರೆದು ಆ ಸಾಲಿನ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಿದರು. ಮುಂದಿನ ಸಭೆಯಲ್ಲಿ ಓದಿಸುತ್ತೇನೆ ಎಂದೂ ಹೇಳಿದರು. ಓದಿಸಿದ್ದಾರೆ, ವಿಚಾರಿಸಿದ್ದೇನೆ.

ಈಗ ಕೋಲಾರದ ಕಡೆಯ ಈ ಊರಿನಲ್ಲಿ ಮಗಳನ್ನು ಸಾಲೆಗೆ ಬಿಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ರಾಜೀನಾಮೆ ಕೊಡುವುದೋ ಬಿಡುವುದೋ ಇನ್ನೂ ತೀರ್ಮಾನಿಸಿಲ್ಲ. ರಜೆ ಮುಗಿಯಲು ಇನ್ನೂ ಎರಡು ತಿಂಗಳು ಟೈಮಿದೆ, ಅವಸರವೂ ಇಲ್ಲ. ಏನು ಮಾಡಿದರೂ ನಾನೇ ಕೂತು, ನನ್ನ ಮಾತಿನಲ್ಲಿ ಬರೆದು ಕೊಡುತ್ತೇನೆ.

ಆ ದಿನ ಗೀಟು ಎಳೆದ ಹಾಳೆಯ ಫೋಟೋ ತೆಗೆದು ಅಕ್ಕೋರಿಗೆ ಕಳಿಸಿದ್ದೆ. ಎರಡು ದಿನ ಉತ್ತರ ಬರಲಿಲ್ಲ. ಮೂರನೆಯ ದಿನ, ನಾವು ಹೊಸ ಮನೆಯಲ್ಲಿ ಸಾಮಾನು ಬಿಚ್ಚುತ್ತಿದ್ದಾಗ, ಒಂದು ಮೆಸೇಜು ಬಂತು.

"ನೋಡಿದೆ ಸರ್. ನಾ ತಡಾ ಮಾಡಿದ್ದು ನಾಲ್ಕ ದಿನ."