ಕೊಟ್ಟಿಗೆ ತಾರಸಿಯ ಮೂವತ್ತಾರು ಡಿಗ್ರಿ

ನನಗೆ ಎರಡು ಕೆಟ್ಟ ಗುಣಗಳಿವೆ. ಒಂದು ಮುಂಗೋಪ. ಇನ್ನೊಂದು, ಲೆಕ್ಕ ಸರಿಯಾಗಿ ಬಂದರೆ ಪ್ರಪಂಚವೂ ಸರಿಯಾಗಿದೆ ಎಂದುಕೊಳ್ಳುವುದು. ಮೊದಲನೆಯದನ್ನು ಪಾಂಡವಪುರದ ಹೈಸ್ಕೂಲಿನಲ್ಲಿ ನನ್ನ ಹತ್ತಿರ ಗಣಿತ ಕಲಿತ ಮಕ್ಕಳು ಸಹಿಸಿಕೊಂಡರು. ಎರಡನೆಯದನ್ನು ನನ್ನ ಹೆಂಡತಿ ಸಹಿಸಿಕೊಂಡಳು, ಅದೂ ಒಂದು ಮಾತಾಡದೆ.

ನಮ್ಮೂರು ಮೇಲುಕೋಟೆ ರಸ್ತೆಯಲ್ಲಿದೆ. ಅವಳು ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದವಳು. ಕೆಮ್ಮು ಶುರುವಾಗಿ, ಕೆಮ್ಮು ಏದುಸಿರಾಗಿ, ಕೊನೆಗೆ ಡಾಕ್ಟರು ಶ್ವಾಸಕೋಶ ಗಟ್ಟಿಯಾಗುತ್ತಿದೆ, ವಾಸಿಯಾಗುವ ಕಾಯಿಲೆಯಲ್ಲ ಎಂದರು. ಹಗಲೂ ರಾತ್ರಿ ಬಿಡದೆ ಆಕ್ಸಿಜನ್ ಕೊಡಬೇಕು ಎಂದರು. ಅದಕ್ಕೊಂದು ಮಿಷನ್ನು ತಂದೆವು. ಕೋಣೆಯ ಗಾಳಿಯನ್ನೇ ಎಳೆದುಕೊಂಡು ಆಕ್ಸಿಜನ್ ಬೇರೆ ಮಾಡಿ ಸಣ್ಣ ಪೈಪಿನಲ್ಲಿ ಮೂಗಿಗೆ ಕೊಡುತ್ತದೆ. ಕರೆಂಟು ಇದ್ದರೆ ಅವಳಿಗೆ ಉಸಿರು, ಇಲ್ಲದಿದ್ದರೆ ಇಲ್ಲ. ನಮ್ಮೂರಿನ ಕರೆಂಟನ್ನು ನಂಬಿಕೊಂಡು ಕೂರುವ ಹಾಗಿರಲಿಲ್ಲ. ಹಸು ಮಾರಿ ಖಾಲಿಯಾಗಿದ್ದ ಕೊಟ್ಟಿಗೆಯ ತಾರಸಿ ಮೇಲೆ ನಾಲ್ಕು ಸೋಲಾರ್ ಪ್ಯಾನಲ್ಲು ಹಾಕಿಸಿ, ಬ್ಯಾಟರಿ ಇಡಿಸುವುದೆಂದು ತೀರ್ಮಾನಿಸಿದೆ.

ಫಿಟ್ಟರು ಶೀಳನೆರೆ ಕಡೆಯವನು. ಕೆ.ಆರ್. ಪೇಟೆ ತಾಲ್ಲೂಕಿನ ಅರ್ಧ ತಾರಸಿಗಳನ್ನು ಹತ್ತಿ ಇಳಿದವನು. ಬಂದವನೇ ದಕ್ಷಿಣ ದಿಕ್ಕು ನೋಡಿಕೊಂಡು, "ಅದಿಮೂರು ಡಿಗ್ರಿ ಇಳಿಜಾರು ಕೊಟ್ಬುಡ್ತೀನಿ ಮೇಷ್ಟ್ರೆ. ನಮ್ ಕಡೆ ಎಲ್ಲಾ ಅಷ್ಟೇಯ" ಎಂದ.

"ಅದ್ಯಾಕೆ ಹದಿಮೂರು?" ಎಂದೆ. ಯಾಕೆ ಎಂದು ನನಗೆ ಗೊತ್ತಿತ್ತು. ನಮ್ಮ ಅಕ್ಷಾಂಶ ಹನ್ನೆರಡೂವರೆ ಡಿಗ್ರಿ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಅಳೆದರೂ ಅರ್ಧ ಡಿಗ್ರಿ ವ್ಯತ್ಯಾಸ ಬರುವುದಿಲ್ಲ. ಅಕ್ಷಾಂಶದಷ್ಟೇ ಓರೆ ಕೊಟ್ಟರೆ ವರ್ಷಪೂರ್ತಿ ಸರಾಸರಿ ಚೆನ್ನಾಗಿ ಬರುತ್ತದೆ. ಆದರೆ ನನ್ನ ಹೆಂಡತಿ ಸರಾಸರಿಯಲ್ಲಿ ಉಸಿರಾಡುವುದಿಲ್ಲವಲ್ಲ. ವರ್ಷದಲ್ಲಿ ಅತಿ ಕೆಟ್ಟ ದಿನ ಯಾವುದೋ ಆ ದಿನಕ್ಕೆ ಸಾಕಾಗಬೇಕು. ಸೂರ್ಯ ಅತಿ ತಗ್ಗಿನಲ್ಲಿರುವುದು ಡಿಸೆಂಬರಿನಲ್ಲಿ. ಹಾಗಾಗಿ ಡಿಸೆಂಬರಿಗೆ ತಕ್ಕಂತೆ ಓರೆ ಇಡಬೇಕು. ಹೀಗೆ ನಾನು ಯೋಚಿಸಿದೆ, ನಾನು ಓದಿದ್ದ ಸೋಲಾರ್ ಪುಸ್ತಕದಲ್ಲೂ ಹಾಗೇ ಇತ್ತು.

ಆಗ ಡಿಸೆಂಬರೇ. ಶಾಲೆಯ ಮೀಟರ್ ಕೋಲನ್ನು ತಂದು, ದಾರಕ್ಕೆ ಕಲ್ಲು ಕಟ್ಟಿ, ಕೋಲು ನೆಟ್ಟಗಿದೆಯೇ ಎಂದು ನೋಡಿ ನಿಲ್ಲಿಸಿದೆ. ಗಡಿಯಾರದ ಹನ್ನೆರಡು ಗಂಟೆ ನಮಗೆ ನಡು ಮಧ್ಯಾಹ್ನವಲ್ಲ. ನೆರಳು ಅತಿ ಗಿಡ್ಡವಾಗುವವರೆಗೆ ಕಾದೆ. ಹನ್ನೆರಡೂ ಇಪ್ಪತ್ತಕ್ಕೆ ನೆರಳು ಉತ್ತರಕ್ಕೆ ಎಪ್ಪತ್ತಮೂರು ಸೆಂಟಿಮೀಟರು. ಅಂದರೆ ಸೂರ್ಯ ದಕ್ಷಿಣದಲ್ಲಿ ಐವತ್ತನಾಲ್ಕು ಡಿಗ್ರಿ ಎತ್ತರದಲ್ಲಿದ್ದಾನೆ. ತೊಂಬತ್ತರಲ್ಲಿ ಐವತ್ತನಾಲ್ಕು ಕಳೆದರೆ ಮೂವತ್ತಾರು. ಮೂವತ್ತಾರು ಡಿಗ್ರಿ ಓರೆ ಇಟ್ಟರೆ ಬಿಸಿಲು ಪ್ಯಾನಲ್ಲಿಗೆ ನೇರ ಎದೆಗೆ ಬೀಳುತ್ತದೆ.

"ಬಾಳ ಕಡಿದಾಗೋಯ್ತು ಮೇಷ್ಟ್ರೆ" ಎಂದ ಫಿಟ್ಟರು. "ನಿಮ್ಗೆ ಏಳೋಕಾಯ್ತದಾ? ಆದ್ರೆ ಆಸಾಡದಲ್ಲಿ ನನ್ನ ಬಯ್ಕಬ್ಯಾಡಿ."

"ನೀನು ಬೋಲ್ಟು ಹಾಕಪ್ಪ, ಲೆಕ್ಕ ನನಗೆ ಬಿಡು" ಎಂದು ಗದರಿದೆ. ಅವನು ಹಿಂದಿನ ಕಾಲುಗಳನ್ನು ಎದೆಮಟ್ಟ ಎತ್ತರಿಸಿ ನಿಲ್ಲಿಸಿ ಹೋದ. ನಾನು ಹೆಡ್‌ಮಾಸ್ಟರನ್ನೂ ಕರೆತಂದು ತೋರಿಸಿದೆ. ಕೊಟ್ಟಿಗೆ ನಮ್ಮ ಮನೆಯ ದಕ್ಷಿಣಕ್ಕಿದೆ. ಅವಳ ಮಂಚದ ಪಕ್ಕದ ಕಿಟಕಿಯಿಂದ ಪ್ಯಾನಲ್ಲುಗಳ ಬೆನ್ನು ಕಾಣುತ್ತಿತ್ತು. ನನ್ನ ವಿವರಣೆಯನ್ನೆಲ್ಲ ಅವಳು ಮಂಚದಿಂದಲೇ ಕೇಳಿಸಿಕೊಂಡು ನಕ್ಕಳು.

ಚಳಿಗಾಲ, ಬೇಸಿಗೆ ಚೆನ್ನಾಗಿಯೇ ಕಳೆದವು. ಆಷಾಢ ಬಂತು. ಬೀಸುಗಾಳಿ, ತುಂತುರು, ದಿನವಿಡೀ ಮೋಡ. ಒಂದು ಸೋಮವಾರ ಸಂಜೆ ಊರಿನ ಟ್ರಾನ್ಸ್‌ಫಾರ್ಮರು ಢಬ್ಬೆಂದು ಸದ್ದು ಮಾಡಿ ಹೊಗೆ ಬಿಟ್ಟಿತು. ಲೈನ್‌ಮನ್ನು ನೋಡಿ, "ಟೀಸಿ ಸುಟ್ಟೋಗದೆ, ಒಂದ್ ವಾರ ಆಯ್ತದೆ" ಎಂದು ಹೇಳಿ ಹೋದ.

ನಾಗಮಂಗಲದಲ್ಲಿರುವ ನನ್ನ ಅಕ್ಕ ಆ ರಾತ್ರಿಯೇ ಫೋನು ಮಾಡಿದಳು. "ಅವ್ಳನ್ನ ಇಲ್ಗೇ ಕರ್ಕಬಾರ್ಲಾ. ನಮ್ಮನೇಲಿ ಕರೆಂಟು ಐತೆ" ಎಂದಳು. ಬೇಡ, ನನ್ನ ಸೋಲಾರು ಸಾಕು ಎಂದೆ. ಆ ಮಾತನ್ನು ಎಷ್ಟು ಜಂಬದಿಂದ ಹೇಳಿದೆ ಎಂಬುದು ನನಗೆ ಈಗಲೂ ಕೇಳಿಸುತ್ತದೆ.

ಮಂಗಳವಾರ ಶಾಲೆಯಲ್ಲಿ ಕೂತಿದ್ದರೂ ಜೀವ ಮನೆಯಲ್ಲೇ ಇತ್ತು. ಸಂಜೆ ಬಂದು ನೋಡಿದರೆ ಬ್ಯಾಟರಿ ಶೇಕಡಾ ಅರವತ್ತರ ಮೇಲಿದೆ. ಮಿಷನ್ನು ಓಡುತ್ತಿದೆ, ಅವಳ ಮೂಗಿನಲ್ಲಿ ಪೈಪಿದೆ. "ನೋಡಿದ್ಯಾ, ಮೂವತ್ತಾರು ಡಿಗ್ರಿ!" ಎಂದೆ. ಅವಳು ತಲೆಯಾಡಿಸಿದಳು. ಬುಧವಾರ, ಗುರುವಾರ, ಶುಕ್ರವಾರವೂ ಹೀಗೇ. ಬರಬರುತ್ತಾ ಅವಳ ಮಾತು ಕಡಿಮೆಯಾಯಿತು, ಮುಖ ಊದಿಕೊಂಡಂತೆ ಕಾಣುತ್ತಿತ್ತು. ಹವೆ ಸರಿಯಿಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ. ಬ್ಯಾಟರಿಯ ಅಂಕಿ ಕಣ್ಣೆದುರಿಗಿತ್ತಲ್ಲ, ಅವಳ ಮುಖ ನೋಡಲು ನನಗೆ ಪುರುಸೊತ್ತೆಲ್ಲಿ?

ಶನಿವಾರ ಬೆಳಗಿನ ತರಗತಿ. ಹನ್ನೊಂದೂಮುಕ್ಕಾಲಿಗೆಲ್ಲ ಮನೆಗೆ ಬಂದೆ. ಶನಿವಾರ ಎಂಬುದು ಅವಳಿಗೆ ಮರೆತುಹೋಗಿತ್ತು ಅಂತ ಕಾಣುತ್ತದೆ. ಮನೆಯಲ್ಲಿ ಮಿಷನ್ನಿನ ಸದ್ದಿಲ್ಲ. ಅವಳು ಮಂಚದ ಅಂಚಿನಲ್ಲಿ ಎರಡೂ ಕೈ ಊರಿಕೊಂಡು, ಮುಂದಕ್ಕೆ ಬಾಗಿ, ಬಾಯಿ ತೆರೆದು ಕಷ್ಟಪಟ್ಟು ಉಸಿರೆಳೆಯುತ್ತಿದ್ದಳು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಪೈಪು ಸುರುಳಿ ಸುತ್ತಿ ಮಡಿಲಲ್ಲಿತ್ತು.

ಮಿಷನ್ನು ಕೆಟ್ಟಿತೆಂದುಕೊಂಡು ಗುಂಡಿ ಒತ್ತಿದೆ. ಓಡಿತು! ಪೈಪು ಮೂಗಿಗೆ ಸಿಕ್ಕಿಸಿದೆ. ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ನೋಡುವ ಮೀಟರಿನಲ್ಲಿ ಎಪ್ಪತ್ತೆಂಟು ಬಂತು, ತೊಂಬತ್ತರ ಆಸುಪಾಸು ಇರಬೇಕಾದದ್ದು. ಡಾಕ್ಟರಿಗೆ ಫೋನು ಮಾಡಿದೆ. ಅರ್ಧ ಗಂಟೆಯಲ್ಲಿ ಏರದಿದ್ದರೆ ಕರೆತನ್ನಿ ಎಂದರು. ಅವಳ ಬೆನ್ನು ಸವರುತ್ತಾ ಆ ಅಂಕಿಯನ್ನೇ ನೋಡುತ್ತಾ ಕೂತೆ. ದೇವರ ಮೇಲೆ ನನಗೆ ಅಷ್ಟೇನೂ ನಂಬಿಕೆ ಇಲ್ಲ, ಆದರೂ ಅವತ್ತು ಮೇಲುಕೋಟೆ ಬೆಟ್ಟದ ಕಡೆ ಮುಖ ಮಾಡಿ ಬೇಡಿಕೊಂಡೆ. ಎಂಬತ್ತೆರಡು, ಎಂಬತ್ತೈದು, ಎಂಬತ್ತೊಂಬತ್ತು.

ಮಾತು ಬಂದ ಮೇಲೆ ಕೇಳಿದೆ. "ಯಾಕಮ್ಮಿ ಆಫ್ ಮಾಡ್ದೆ?"

"ನೀವು ಸ್ಕೂಲ್ಗೆ ಓದ್ಮ್ಯಾಕೆ ದಿನಾ ಆಫ್ ಮಾಡ್ತೀನಿ" ಎಂದಳು, ಎರಡು ಮಾತಿಗೊಮ್ಮೆ ನಿಂತು. "ಅಗ್ಲೊತ್ತು ಓಡಿಸ್ಬುಟ್ರೆ ರಾತ್ರಿಗೆ ಸಾಲಕಿಲ್ಲ. ಮಂಗಳ್ವಾರ್ವೇ ನೋಡ್ದೆ. ಬ್ಯಾಟ್ರಿ ತುಂಬ್ತಾನೇ ಇಲ್ಲ, ಇಳೀತಾ ಓಯ್ತದೆ. ನೀವ್ ಬರೋ ಒತ್ಗೆ ಆನ್ ಮಾಡ್ಕತಿದ್ದೆ."

ಮಿಷನ್ನಿನ ಮೇಲೆ ಅದು ಎಷ್ಟು ಗಂಟೆ ಓಡಿದೆಯೆಂದು ತೋರಿಸುವ ಪುಟ್ಟ ಮೀಟರಿದೆ. ಸೋಮವಾರ ಸಂಜೆಯ ಅಂಕಿಯನ್ನು ನಾನೇ ಕ್ಯಾಲೆಂಡರಿನಲ್ಲಿ ಬರೆದಿದ್ದೆ. ನೂರ ಹದಿಮೂರು ಗಂಟೆ ಓಡಿರಬೇಕಿತ್ತು. ಎಂಬತ್ತು ಓಡಿತ್ತು. ನಾನು ಪ್ರತಿ ಸಂಜೆ ಕೊಂಡಾಡುತ್ತಿದ್ದ ಆ ಅರವತ್ತು ನನ್ನ ಮೂವತ್ತಾರು ಡಿಗ್ರಿ ತುಂಬಿಸಿದ್ದಲ್ಲ. ಅವಳು ಉಸಿರು ಬಿಟ್ಟುಕೊಟ್ಟು ಉಳಿಸಿದ್ದು.

"ನಂಗೆ ಹೇಳ್ಬಾರ್ದಿತ್ತಾ?" ಎಂದು ಕೂಗಿದೆ. ಆ ಸ್ಥಿತಿಯಲ್ಲೂ ನನಗೆ ಕೋಪವೇ ಬಂತು.

"ಏನ್ ಏಳ್ಳಿ? ಅಷ್ಟ್ ಆಸೆಪಟ್ಟು ಮಾಡ್ಸಿದ್ರಿ" ಎಂದಳು. ಕಿಟಕಿಯ ಕಡೆ ಕೈ ತೋರಿಸಿದಳು. "ಮೋಡ ಇಲ್ದಿದ್ ದಿನ ಬೆಳಿಗ್ಗೆ ಏಳೂವರೆ ಗಂಟ ಬಿಸ್ಲು ಅದ್ರ ಬೆನ್ ಮ್ಯಾಲೇ ಬೀಳ್ತದೆ. ಸಂದೇಲೂ ಅಂಗೇಯ. ದಿನಾ ನೋಡ್ತಾ ಇವ್ನಿ. ಆಸಾಡದ ಬಿಸ್ಲು ಬಡಗ್ಲಿಂದ ಅಲ್ವಾ ಬರಾದು? ಸಂಡಿಗೆ ಒಣಾಕೋರಿಗೆಲ್ಲಾ ಗೊತ್ತು."

ಅವಳ ಅಂಕಿ ತೊಂಬತ್ತಕ್ಕೆ ಬಂದ ಮೇಲೆ ಫಿಟ್ಟರಿಗೆ ಫೋನು ಮಾಡಿ, ಅದೇ ಮೀಟರ್ ಕೋಲು ತೆಗೆದುಕೊಂಡು ಕೊಟ್ಟಿಗೆ ಹತ್ತಿದೆ. ಹನ್ನೆರಡೂ ಇಪ್ಪತ್ತೈದು. ಮೋಡದ ಸಂದಿಯಲ್ಲಿ ಸ್ವಲ್ಪ ಹೊತ್ತು ಬಿಸಿಲು ಬಂತು. ಡಿಸೆಂಬರಿನಲ್ಲಿ ಉತ್ತರಕ್ಕೆ ಉದ್ದಕ್ಕೆ ಮಲಗಿದ್ದ ನೆರಳು ಈಗ ದಕ್ಷಿಣಕ್ಕೆ, ಹದಿನೆಂಟೇ ಸೆಂಟಿಮೀಟರು. ಸೂರ್ಯ ನೆತ್ತಿಯಿಂದ ಹತ್ತು ಡಿಗ್ರಿ ಉತ್ತರಕ್ಕೆ ಸರಿದಿದ್ದ. ನನ್ನ ಪ್ಯಾನಲ್ಲು ಮೂವತ್ತಾರು ಡಿಗ್ರಿ ದಕ್ಷಿಣಕ್ಕೆ ಮುಖ ತಿರುಗಿಸಿ ಕೂತಿತ್ತು. ನಡುವೆ ನಲವತ್ತಾರು ಡಿಗ್ರಿ. ನಡು ಮಧ್ಯಾಹ್ನದ ನೇರ ಬಿಸಿಲಿನಲ್ಲೇ ಹತ್ತರಲ್ಲಿ ಮೂರು ಪಾಲು ಹೋಯಿತು. ಮೋಡವಿದ್ದಾಗ ಬೆಳಕು ಆಕಾಶದ ಎಲ್ಲ ಕಡೆಯಿಂದ ಬರುತ್ತದೆ, ಅಷ್ಟು ಓರೆಯಾಗಿ ನಿಂತದ್ದಕ್ಕೆ ಹಿಂದಿನ ಆಕಾಶ ಕಾಣುವುದೇ ಇಲ್ಲ. ಸೂರ್ಯ ತಗ್ಗಿನಲ್ಲಿದ್ದರೂ ನಮ್ಮ ಡಿಸೆಂಬರಿನಲ್ಲಿ ಬಿಸಿಲಿಗೆ ಬರವಿಲ್ಲ. ನಮ್ಮ ಕೆಟ್ಟ ತಿಂಗಳು ಆಷಾಢ. ಪುಸ್ತಕ ಬರೆದವನು ಎಲ್ಲಿಯ ಚಳಿ ದೇಶದಲ್ಲಿದ್ದನೋ! ನಾನಂತೂ ಇಲ್ಲೇ ಹುಟ್ಟಿ ಬೆಳೆದವನು. ಪ್ರತಿ ವರ್ಷ ಇದೇ ಸೂರ್ಯ ಉತ್ತರಕ್ಕೆ ಹೋಗಿ ಬರುವುದನ್ನು ಮಕ್ಕಳಿಗೆ ಚಿತ್ರ ಬರೆದು ಪಾಠ ಮಾಡಿದವನು. ತಾರಸಿ ಮೇಲೆ ಕೂತು ಅತ್ತುಬಿಟ್ಟೆ.

ಫಿಟ್ಟರು ಎರಡು ಗಂಟೆಗೆ ಬೈಕಿನಲ್ಲಿ ಬಂದ. ಇಬ್ಬರೂ ಸೇರಿ ಹಿಂದಿನ ಕಾಲುಗಳ ಬೋಲ್ಟು ಬಿಚ್ಚಿದೆವು. ಗಾಳಿ ಪ್ಯಾನಲ್ಲನ್ನು ಕೈಯಿಂದ ಕಿತ್ತುಕೊಳ್ಳುವಂತಿತ್ತು.

"ಎಷ್ಟಕ್ಕೆ ಇಳಿಸ್ಲಿ ಮೇಷ್ಟ್ರೆ?"

"ನೀನೇ ಹೇಳಪ್ಪ."

"ಮಳೆನೀರು ಅರ್ದೋದ್ರೆ ಸಾಕು ಈಗ. ದೀಪಾವ್ಳಿ ಕಳುದ್ ಮ್ಯಾಕೆ ಎತ್ರುಸ್ಕಂಡ್ರಾಯ್ತು" ಎಂದು, ಮುಂದಿನ ಅಂಚಿಗಿಂತ ಹಿಂದಿನ ಅಂಚು ಒಂದು ಗೇಣು ಎತ್ತರ ಇರುವಂತೆ ಇಳಿಸಿದ. ಎರಡು ಮೀಟರು ಉದ್ದದ ಪ್ಯಾನಲ್ಲಿಗೆ ಒಂದು ಗೇಣೆಂದರೆ ಆರು ಡಿಗ್ರಿ ಚಿಲ್ಲರೆ. ನಾಲ್ಕೂ ಪ್ಯಾನಲ್ಲು ಇಳಿಸಿ ಬಿಗಿ ಮಾಡುವಷ್ಟರಲ್ಲಿ ಮತ್ತೆ ಮೋಡ ಕವಿಯಿತು. ಕೆಳಗೆ ಬ್ಯಾಟರಿ ನಲವತ್ತರಿಂದ ಇಳಿಯುತ್ತಿತ್ತು. ಇನ್ವರ್ಟರಿನ ಮುಂದೆ ನಿಂತೇ ಇದ್ದೆ. ಮೂವತ್ತೆಂಟಕ್ಕೆ ಬಂದದ್ದು ಅಲ್ಲೇ ನಿಂತಿತು. ಏರಲಿಲ್ಲ, ಇಳಿಯಲೂ ಇಲ್ಲ. ಮಿಷನ್ನು ಓಡುತ್ತಲೇ ಇತ್ತು. ಅಕ್ಕನ ಮಗ ಸಂಜೆ ಕಾರಿನಲ್ಲಿ ಚಿಕ್ಕ ಆಕ್ಸಿಜನ್ ಸಿಲಿಂಡರು ತಂದ. ಅದನ್ನು ಹಾಕಿಕೊಂಡು ಅವಳನ್ನು ನಾಗಮಂಗಲಕ್ಕೆ ಕರೆದುಕೊಂಡು ಹೋದೆವು. ಸೋಮವಾರವೇ ಒಪ್ಪಬಹುದಾಗಿದ್ದ ದಾರಿ.

ಅವಳು ಇದ್ದಾಳೆ. ಆ ಐದು ದಿನ ಅವಳ ಆಯಸ್ಸಿನಲ್ಲಿ ಎಷ್ಟನ್ನು ತಿಂದವೋ ಎಂದು ಡಾಕ್ಟರನ್ನು ಕೇಳಿದೆ. ಅದಕ್ಕೆ ಲೆಕ್ಕವಿಲ್ಲ ಎಂದರು. ಮೊದಲು ಹಿತ್ತಲವರೆಗೆ ನಡೆಯುತ್ತಿದ್ದಳು, ಈಗ ಬಾಗಿಲವರೆಗೆ. ಪ್ಯಾನಲ್ಲಿನ ಕಾಲುಗಳಿಗೆ ಎರಡು ಸಾಲು ತೂತು ಕೊರೆಸಿದ್ದೇನೆ. ಯಾವಾಗ ಯಾವ ತೂತು ಎಂಬುದನ್ನು ಅವಳು ಕಿಟಕಿಯಿಂದ ನೋಡಿ ಹೇಳುತ್ತಾಳೆ, ನಾನು ಬೋಲ್ಟು ಹಾಕುತ್ತೇನೆ.

ಬ್ಯಾಟರಿಯ ಅಂಕಿಯನ್ನು ನಾನೀಗ ನಂಬುವುದಿಲ್ಲ. ಸಂಜೆ ಶಾಲೆಯಿಂದ ಬಂದವನೇ, ಚಪ್ಪಲಿ ಕೂಡ ಬಿಡದೆ, ಮಿಷನ್ನಿನ ಹಿಂಬದಿಗೆ ಅಂಗೈ ಇಟ್ಟು ನೋಡುತ್ತೇನೆ. ಹಗಲೆಲ್ಲ ಓಡಿದ್ದರೆ ಬಿಸಿಯಿರುತ್ತದೆ. ಈಗತಾನೇ ಹಾಕಿದ್ದರೆ ತಣ್ಣಗಿರುತ್ತದೆ. ಅವಳು ಮೂಗಿನ ಪೈಪು ಸರಿಮಾಡಿಕೊಳ್ಳುತ್ತಾ ದಿನವೂ ಅದನ್ನೇ ಹೇಳುತ್ತಾಳೆ.

"ಬಿಸಿ ಅದೆ, ಓಗಿ ಕೈಕಾಲ್ ತೊಳ್ಕಳಿ."

ಆದರೂ ಕೈ ತೆಗೆಯಲು ನನಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ.