ಪಂಚಾಕ್ಷರಪ್ಪನ ಬಿಗಿ ಕ್ಲಚ್ಚು

ಹೊಳಲ್ಕೆರೆಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವ ಪಂಚಾಕ್ಷರಪ್ಪ ಕಲಿಯಲು ಬಂದವರಿಗೆ ಮೊದಲು ಹೇಳುತ್ತಿದ್ದ ಪಾಠ ಒಂದೇ: ಗೇರ್ ಹಾಕಿದ ಮೇಲೆ ಕ್ಲಚ್ ಮೇಲಿಂದ ಕಾಲು ತೆಗೆಯಬೇಕು. ಇದನ್ನು ಹೇಳುವಾಗ ಅವರ ಎಡಗಾಲು ತಮ್ಮ ಕಡೆಯ ಕ್ಲಚ್ ಮೇಲೇ ಇರುತ್ತಿತ್ತು. ಕಲಿಸುವವರ ಸೀಟಿನ ಮುಂದೆಯೂ ಬ್ರೇಕು, ಕ್ಲಚ್ಚು ಇರುವ ಹಳೇ ಕಾರು ಅದು. ಒಬ್ಬ ಶಿಷ್ಯ ಅದನ್ನು ಎಳನೀರಿನ ಗಾಡಿಗೆ ನುಗ್ಗಿಸಿದಂದಿನಿಂದ ಅವರ ಕಾಲು ಅಲ್ಲೇ ಊರಿಬಿಟ್ಟಿತ್ತು. ಅದು ಅವರ ಗಮನಕ್ಕೂ ಬರುತ್ತಿರಲಿಲ್ಲ.

ಬರುಬರುತ್ತಾ ಪೆಡಲ್ ಬಿಗಿಯಾಯಿತು. ಶಾಲೆಯ ಟೀಚರ್ ಕೊಟ್ರಮ್ಮ ಮಂಡಿ ನೋವೆಂದು ಕಲಿಯುವುದನ್ನೇ ಬಿಟ್ಟರು. ತಾವು ಬಸ್ಸು ಓಡಿಸುತ್ತಿದ್ದ ಕಾಲದ ಕ್ಲಚ್ಚಿನ ಮುಂದೆ ಇದು ಹೂವು ಎಂದರು ಪಂಚಾಕ್ಷರಪ್ಪ. ಈಗಿನವರ ಕಾಲಿಗೆ ಕಸುವಿಲ್ಲ ಎಂದೂ ಸೇರಿಸಿದರು.

ಕಸುವಿದ್ದವಳು ಜಯಕ್ಕ. ರಾಮಗಿರಿ ಕಡೆಯ ಕುರಿ ಸಾಕುವ ಮನೆಯವಳು. ಅಣ್ಣನ ಗೂಡ್ಸ್ ಗಾಡಿಯಲ್ಲಿ ತಾನೇ ಸಂತೆಗೆ ಕುರಿ ಹೇರಿಕೊಂಡು ಹೋಗಬೇಕೆಂಬ ಆಸೆ. ಅವಳು ದೂರಲಿಲ್ಲ, ಸುಮ್ಮನೆ ಕೇಳಿದಳು:

"ಸಾರ್, ನಮ್ಮ ಗಾಡೀದು ಬಾಳ ಮೆತ್ತಗೈತೆ. ಇದ್ಯಾಕೆ ಹಿಂಗೆ?"

ಅದು ಆಯಿಲ್ ಒತ್ತಡದಲ್ಲಿ ಕೆಲಸ ಮಾಡುವ ಕ್ಲಚ್ಚು, ನಂಬಿಕೆಗೆ ತಕ್ಕದ್ದಲ್ಲ, ಇದು ಕೇಬಲ್ಲಿನದು ಎಂದು ಅವರು ವಿವರಿಸಿದರು. ಆದರೂ ಅನುಮಾನ ಹೊಕ್ಕಿತು. ಕಾರನ್ನು ಮೂರ್ತಪ್ಪನ ಗ್ಯಾರೇಜಿಗೆ ಒಯ್ದು, ಕೇಬಲ್ ಬದಲಾಯಿಸು ಎಂದರು.

ಮೂರ್ತಪ್ಪ ಗೇರ್‌ಬಾಕ್ಸ್ ಹತ್ತಿರ ಕೇಬಲ್ಲಿನ ತುದಿ ಬಿಚ್ಚಿ ಎಳೆದು ನೋಡಿದ. ಸಲೀಸಾಗಿ ಜಾರಿತು. ಆಮೇಲೆ ಕ್ಲಚ್ಚಿನ ಲಿವರ್‌ಗೆ ಪೈಪ್ ಸಿಕ್ಕಿಸಿ ಒತ್ತಿದ. ಮೈಭಾರವೆಲ್ಲ ಹಾಕಿದ ಮೇಲಷ್ಟೇ ಅಲುಗಿತು. ಕೇಬಲ್ ಸರಿ ಇದೆ, ಭಾರ ಒಳಗೆ ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನಲ್ಲಿದೆ, ಗೇರ್‌ಬಾಕ್ಸ್ ಇಳಿಸಬೇಕು ಎಂದ. ಗೇರ್‌ಬಾಕ್ಸ್ ಇಳಿಸಿದರೆ ಪಾಠ ನಿಲ್ಲುತ್ತದಲ್ಲ. ಪಂಚಾಕ್ಷರಪ್ಪ ಹಟ ಹಿಡಿದು ಹೊಸ ಕೇಬಲ್ಲೇ ಹಾಕಿಸಿಕೊಂಡರು, ಈಗ ಎಷ್ಟು ಹಗುರಾಗಿದೆ ಎಂದು ಶಿಷ್ಯರಿಗೆಲ್ಲ ಹೇಳಿದರು. ಶಿಷ್ಯರು ಹಲ್ಲು ಕಚ್ಚಿ ಒತ್ತುತ್ತಾ ಹೌದೆಂದರು.

ಜಯಕ್ಕನ ಲೈಸೆನ್ಸ್ ಪರೀಕ್ಷೆ ದುರ್ಗದಲ್ಲಿತ್ತು. ಅವಳು ತಮ್ಮ ಗೂಡ್ಸ್ ಗಾಡಿಯಲ್ಲೇ ಹೋಗಾಣ ಅಂದಳು. ಅವರು ಒಲ್ಲದ ಮನಸ್ಸಿನಿಂದ ಪಕ್ಕದಲ್ಲಿ ಕುಳಿತರು. ಊರು ದಾಟುವಷ್ಟರಲ್ಲಿ ಪೆಡಲ್ ಒತ್ತಿದರೆ ನೆಲಕ್ಕೆ ಹೋಗಿ ಅಲ್ಲೇ ಕೂತಿತು. ಗೇರು ಬಿಡಿಸಲು ಬರಲಿಲ್ಲ. ಜಯಕ್ಕ ಬ್ರೇಕ್ ಒತ್ತಿದಳು, ಗಾಡಿ ಕುಲುಕಿ ಆಫ್ ಆಗಿ ರಸ್ತೆ ಬದಿಗೆ ನಿಂತಿತು.

"ಕೇಬಲ್ ಕಿತ್ತೋಯ್ತು," ಎಂದರು ಪಂಚಾಕ್ಷರಪ್ಪ.

"ಕೇಬಲ್ ಇಲ್ಲ ಅಂತ ನೀವೇ ಹೇಳಿದ್ರಲ್ರಿ," ಎಂದಳು ಜಯಕ್ಕ.

ಫೋನ್ ಮಾಡಿದ್ದಕ್ಕೆ ಮೂರ್ತಪ್ಪ ಬೈಕಿನಲ್ಲಿ ಬಂದ. ಕ್ಲಚ್ ಆಯಿಲಿನ ಡಬ್ಬಿ ಬರಿದಾಗಿತ್ತು. ಗೇರ್‌ಬಾಕ್ಸ್ ಬಳಿಯ ಚಿಕ್ಕ ಸಿಲಿಂಡರ್ ಸುತ್ತ ಒದ್ದೆ. ಒಳಗಿನ ರಬ್ಬರ್ ಸವೆದು ಆಯಿಲ್ ಸೋರಿತ್ತು. ಆಯಿಲ್ ಹೋದ ಜಾಗಕ್ಕೆ ಗಾಳಿ ಹೊಕ್ಕರೆ, ಎಷ್ಟು ಒತ್ತಿದರೂ ಒತ್ತಡ ಕ್ಲಚ್ಚಿಗೆ ಮುಟ್ಟುವುದಿಲ್ಲ, ಪೆಡಲನ್ನು ಮೇಲೆ ತಳ್ಳುವುದಕ್ಕೂ ಏನೂ ಇರುವುದಿಲ್ಲ. ಹೊಸ ರಬ್ಬರ್ ಕೂರಿಸಿ, ಆಯಿಲ್ ತುಂಬಿ, ಗಾಳಿ ತೆಗೆಯಲು ಅವನು ಗಾಡಿಯ ಕೆಳಗೆ ಮಲಗಿದ. ಆಯಿಲ್ ಇಳಿದಂತೆಲ್ಲ ತುಂಬುವ ಕೆಲಸ ಜಯಕ್ಕನಿಗೆ, ಪೆಡಲ್ ಒತ್ತುವ ಕೆಲಸ ಪಂಚಾಕ್ಷರಪ್ಪನಿಗೆ. ಒತ್ರಿ, ಹಿಡೀರಿ, ನಾನು ಗಾಳಿ ಬಿಡೋ ನಟ್ಟು ಬಿಗಿದ ಮೇಲೆ ಬಿಡ್ರಿ ಎಂದು ಅವನು ಕೆಳಗಿನಿಂದ ಹೇಳುವುದು, ಇವರು ಮಾಡುವುದು. ಆತುರಪಟ್ಟು ಮುಂಚೆಯೇ ಕಾಲೆತ್ತಿ ಗಾಳಿ ಮತ್ತೆ ಒಳಗೆ ಹೊಕ್ಕಾಗ ಬೈಸಿಕೊಂಡರು. ಇಷ್ಟು ವರ್ಷ ಅವರಿಗೆ ಕ್ಲಚ್ ಒತ್ತುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ದುರ್ಗ ಮುಟ್ಟುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಮುಂದಿನ ತಾರೀಕು ಕೊಟ್ಟು ಕಳಿಸಿದರು.

ಆ ಬೇಜಾರಿನಲ್ಲೇ ಅವರು ಕಾರಿನ ಗೇರ್‌ಬಾಕ್ಸ್ ಇಳಿಸಲು ಒಪ್ಪಿದರು. ಮೂರ್ತಪ್ಪ ಒಳಗಿನದನ್ನು ಬಟ್ಟೆಯ ಮೇಲೆ ಹರಡಿದ. ಕ್ಲಚ್ ಪ್ಲೇಟ್ ತೆಳ್ಳಗಾಗಿತ್ತು. ಪ್ರೆಷರ್ ಪ್ಲೇಟಿನ ಬೆರಳಿನಂಥ ಸ್ಪ್ರಿಂಗುಗಳ ತುದಿಯಲ್ಲಿ ಉಜ್ಜಿ ಉಜ್ಜಿ ಗೆರೆ ಬಿದ್ದಿತ್ತು. ಅವನ್ನು ಒತ್ತುವ ಬೇರಿಂಗ್ ಒಣಗಿ ಕರಕರ ಎನ್ನುತ್ತಿತ್ತು.

"ಯಾರೋ ಸದಾ ಕಾಲು ಇಟ್ಕಂಡೇ ಓಡ್ಸ್ಯಾರೆ," ಎಂದ.

ಪಂಚಾಕ್ಷರಪ್ಪ ಶಿಷ್ಯರನ್ನು ಬೈಯತೊಡಗಿದರು. ಮೂರ್ತಪ್ಪ ಕೈ ಒರೆಸಿಕೊಳ್ಳುತ್ತಾ, "ಕಲಿಯೋರು ಬತ್ತಾರೆ, ಹೋಗ್ತಾರೆ. ದಿನಾ ಕೂರೋದು ಯಾರು, ಪಂಚಾಕ್ಷರಣ್ಣ?" ಎಂದ.

ಅವರು, ಮೂರೂ ಸಾಮಾನು ಹೊಸದು ಹಾಕು ಅಂದರು. ಮನೆಗೆ ನಡೆದೇ ಹೋದರು. ಆ ಸಂಜೆ ಊಟಕ್ಕೆ ಕೂತಾಗಲೂ ಅವರ ದೃಷ್ಟಿ ಎಡಗಾಲಿನ ಮೇಲಿತ್ತು ಎಂದು ಹೆಂಡತಿ ಆಮೇಲೆ ಹೇಳಿದರಂತೆ.

ಜಯಕ್ಕ ಎರಡನೇ ತಾರೀಕಿಗೆ ಪಾಸಾದಳು. ಅದು ಬಿಗಿ ಕ್ಲಚ್ಚಿನಲ್ಲಿ ಪಳಗಿದ್ದರ ಫಲ ಎಂದು ಪಂಚಾಕ್ಷರಪ್ಪ ಸ್ವಲ್ಪ ದಿನ ಹೇಳಿಕೊಂಡರು. ಆಮೇಲೆ ಕೊಟ್ರಮ್ಮ ಟೀಚರ್ ಮತ್ತೆ ಸೇರಲು ಬಂದಾಗ, ಬಿಗಿ ಕ್ಲಚ್ಚು ಮಂಡಿಗೆ ಒಳ್ಳೆಯದಲ್ಲ, ಬೇರೆ ಸ್ಕೂಲಿನವರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ ಎಂದು ಕನಿಕರದಿಂದ ಹೇಳಿ, ಕಾರಿನ ಬಾಗಿಲು ತಾವೇ ತೆರೆದು ಹಿಡಿದರು.